ನೀರಿಗೆ ಸಿಗುವ ಮೊದಲೇ ಕೈ ಬದಲಾಯಿಸುವ ಫಾಸ್ಫೇಟ್

ಜೀವಕೋಶದ ಕೆಲಸಗಳನ್ನು ನಡೆಸುವ ಎಟಿಪಿ ಎಂಬ ಅಣುವಿನ ಬಗ್ಗೆ, ಕಾಲೇಜಿನಲ್ಲಿದ್ದಾಗ ಪರೀಕ್ಷೆಯಲ್ಲಿ ನಾನು ಬರೆದ ಒಂದು ಉತ್ತರದಿಂದ ಶುರು ಮಾಡುತ್ತೇನೆ. “ಎಟಿಪಿಯ ಕೊನೆಯ ಫಾಸ್ಫೇಟ್ ಬಂಧ ಮುರಿದಾಗ ಅದರಲ್ಲಿ ಅಡಗಿದ್ದ ಶಕ್ತಿ ಹೊರಗೆ ಬರುತ್ತದೆ. ಹೀಗೆ ಹೊರಬಂದ ಶಕ್ತಿಯನ್ನು ಜೀವಕೋಶ ಬೇರೆ ಕೆಲಸಗಳಿಗೆ ಬಳಸಿಕೊಳ್ಳುತ್ತದೆ.” ಪೂರ್ತಿ ಅಂಕ ಬಂತು. ಇದ್ದದ್ದು ಎರಡೇ ವಾಕ್ಯ, ಎರಡೂ ತಪ್ಪು. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ನಾನೇ ಪಾಠ ಮಾಡಲು ನಿಂತಾಗ.

ಈ ಹೊತ್ತಿನ ಮಾತು ಪೂರ್ತಿ ಆ ಎರಡು ತಪ್ಪುಗಳ ಬಗ್ಗೆಯೇ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಎರಡನೆಯದರಲ್ಲಿ ವಿಷಯ ಜಾಸ್ತಿ ಇದೆ.

ಮೊದಲು ಅಣುವನ್ನು ನೋಡಿಬಿಡೋಣ. ಎಟಿಪಿಗೆ ಮೂರು ಭಾಗ. ಒಂದು ತುದಿಯಲ್ಲಿ ಅಡೆನಿನ್, ಅಂದರೆ ಡಿಎನ್ಎಯಲ್ಲಿ ಇರುವ ಅದೇ ಅಡೆನಿನ್. ನಡುವೆ ರೈಬೋಸ್ ಎಂಬ ಐದು ಇಂಗಾಲದ ಸಕ್ಕರೆ. ಆ ಸಕ್ಕರೆಗೆ ಸಾಲಾಗಿ ಅಂಟಿಕೊಂಡ ಮೂರು ಫಾಸ್ಫೇಟ್‌ಗಳು. ಸಕ್ಕರೆಯ ಪಕ್ಕದ್ದು ಆಲ್ಫಾ, ಮಧ್ಯದ್ದು ಬೀಟಾ, ತುದಿಯದ್ದು ಗಾಮಾ. ಅಡೆನಿನ್ ಮತ್ತು ಸಕ್ಕರೆ ಒಂಥರಾ ಹಿಡಿಕೆ ಇದ್ದಂತೆ, ಕಿಣ್ವಗಳು ಅಣುವನ್ನು ಗುರುತಿಸಿ ಹಿಡಿಯುವುದು ಬಹುಪಾಲು ಅಲ್ಲಿಂದ. ನಮ್ಮ ಕಥೆ ನಡೆಯುವುದು ಬಾಲದಲ್ಲಿ. ಜೀವಕೋಶದೊಳಗೆ ಈ ಬಾಲದ ಮೇಲೆ ಮೂರರಿಂದ ನಾಲ್ಕು ಋಣ ಚಾರ್ಜ್ ಒತ್ತೊತ್ತಾಗಿ ಕೂತಿರುತ್ತವೆ. ಅದಕ್ಕೇ ಒಂದು ಮೆಗ್ನೀಸಿಯಂ ಅಯಾನು ಬಂದು ಅಂಟಿಕೊಂಡು ಒಂದಿಷ್ಟು ಸಮಾಧಾನ ಮಾಡುತ್ತದೆ. ಕಿಣ್ವಗಳಿಗೆ ಸಾಮಾನ್ಯವಾಗಿ ಸಿಗುವುದು ಬರೀ ಎಟಿಪಿ ಅಲ್ಲ, ಮೆಗ್ನೀಸಿಯಂ ಹಿಡಿದುಕೊಂಡ ಎಟಿಪಿ.

ನೀರಿನ ಒಂದು ಅಣು ತುದಿಯ ಫಾಸ್ಫೇಟನ್ನು ಕಿತ್ತರೆ ಅದೇ ಜಲವಿಭಜನೆ:

ATP + H₂O → ADP + Pi

ಇಲ್ಲಿ ADP ಅಂದರೆ ಎರಡೇ ಫಾಸ್ಫೇಟ್ ಉಳಿದ ಎಡಿಪಿ, Pi ಅಂದರೆ ಒಂಟಿ ಫಾಸ್ಫೇಟ್. ಪುಸ್ತಕದ ಲೆಕ್ಕ ಹೇಳುವುದು ಇಷ್ಟು: ಮಾನಕ ಸ್ಥಿತಿಯಲ್ಲಿ ಒಂದು ಮೋಲ್ ಎಟಿಪಿಗೆ 30.5 ಕಿಲೋಜೂಲ್ ಮುಕ್ತ ಶಕ್ತಿ, ಅಂದರೆ ಕೆಲಸಕ್ಕೆ ಸಿಗಬಲ್ಲ ಶಕ್ತಿ, ಇಳಿಯುತ್ತದೆ.

ಈಗ ಮೊದಲ ತಪ್ಪಿಗೆ ಬರೋಣ. ಬಂಧ ಮುರಿದರೆ ಶಕ್ತಿ ಬರುವುದಿಲ್ಲ. ಯಾವ ಬಂಧವೇ ಆಗಲಿ, ಮುರಿಯಲು ಶಕ್ತಿ ಖರ್ಚಾಗುತ್ತದೆ. ಹೊಸ ಬಂಧ ಕೂಡಿಕೊಂಡಾಗ ಮಾತ್ರ ಶಕ್ತಿ ಸಿಗುತ್ತದೆ. ಎಟಿಪಿ ವಿಷಯದಲ್ಲೂ ಅಷ್ಟೇ. ಒಂದು ಬಂಧ ಹೋಗುತ್ತದೆ, ನೀರಿನಿಂದ ಬಂದ ಆಮ್ಲಜನಕದೊಂದಿಗೆ ಇನ್ನೊಂದು ಕೂಡುತ್ತದೆ. ಕೊನೆಯಲ್ಲಿ ಉಳಿಯುವ ಎಡಿಪಿ ಮತ್ತು ಫಾಸ್ಫೇಟ್ ಇವೆರಡೂ ಮೊದಲಿಗಿಂತ ಹಾಯಾಗಿರುತ್ತವೆ. ಒತ್ತಿ ಕೂತಿದ್ದ ಋಣ ಚಾರ್ಜ್‌ಗಳು ದೂರವಾದವು. ಬಿಡುಗಡೆಯಾದ ಫಾಸ್ಫೇಟ್ ತನ್ನ ಚಾರ್ಜನ್ನು ತನ್ನ ಆಮ್ಲಜನಕಗಳ ನಡುವೆ ಹೆಚ್ಚು ಸರಾಗವಾಗಿ ಹಂಚಿಕೊಂಡಿತು. ಸುತ್ತ ನೀರಿನ ಅಣುಗಳು ಬಂದು ಮುತ್ತಿಕೊಂಡವು. ಆ 30.5 ಎನ್ನುವುದು ಮೊದಲಿನ ಸ್ಥಿತಿಗೂ ನಂತರದ ಸ್ಥಿತಿಗೂ ಇರುವ ವ್ಯತ್ಯಾಸ. ಬಂಧದೊಳಗೆ ಮಡಚಿಟ್ಟ ಸ್ಪ್ರಿಂಗ್ ಏನೂ ಇಲ್ಲ.

ಹಾಗಿದ್ದರೆ ಈ “ಅಧಿಕ ಶಕ್ತಿಯ ಬಂಧ” ಎನ್ನುವ ಮಾತು ಎಲ್ಲಿಂದ ಬಂತು? 1941ರಲ್ಲಿ ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ ಇಂಥ ಬಂಧಗಳನ್ನು ತೋರಿಸಲು ಒಂದು ಅಂಕುಡೊಂಕು ಗೆರೆ ಎಳೆದರು. ಲೆಕ್ಕ ಇಡಲು ಅದು ಬಹಳ ಅನುಕೂಲದ ಗುರುತು. ಆದರೆ ಚಿತ್ರ ನೋಡಿದವರಿಗೆ ಆ ಡೊಂಕು ಗೆರೆಯೊಳಗೇ ಶಕ್ತಿ ಕೂತಿದೆ ಅನಿಸಿಬಿಡುತ್ತದೆ. ನನಗೂ ಅನಿಸಿತ್ತು. ಲಿಪ್‌ಮನ್ ಮೇಲೆ ತಪ್ಪು ಹೊರಿಸಲಾರೆ, ಗೆರೆ ಅಷ್ಟು ಚೆನ್ನಾಗಿದೆ.

ಇನ್ನು ಎರಡನೆಯ ವಾಕ್ಯ. “ಹೊರಬಂದ ಶಕ್ತಿಯನ್ನು ಬಳಸಿಕೊಳ್ಳುತ್ತದೆ.” ಹೇಗೆ ಬಳಸಿಕೊಳ್ಳುತ್ತದೆ? ಒಂದು ಸಣ್ಣ ಗಾಜಿನ ನಳಿಕೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅದರಲ್ಲಿ ಎಟಿಪಿ ಕರಗಿಸಿದ ನೀರಿದೆ. ಸುತ್ತ ನೀರೇ ನೀರು, ಆದರೂ ಎಟಿಪಿ ತಕ್ಷಣ ಒಡೆಯುವುದಿಲ್ಲ. ಆಮ್ಲವೂ ಕ್ಷಾರವೂ ಅಲ್ಲದ ದ್ರಾವಣದಲ್ಲಿ, ಕಿಣ್ವ ಇಲ್ಲದಿದ್ದರೆ, ದಿನಗಟ್ಟಲೆ ಹಾಗೇ ಇರುತ್ತದೆ. ಒಡೆದರೆ ಲಾಭವಿದೆ, ಆದರೆ ಒಡೆಯುವ ದಾರಿಯಲ್ಲಿ ದೊಡ್ಡ ದಿಬ್ಬವಿದೆ. ಅದೇ ಋಣ ಚಾರ್ಜ್‌ಗಳ ಗುಂಪು ನೀರಿನ ಅಣುವನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಈಗ ಎಟಿಪಿಯನ್ನು ಸುಮ್ನೆ ಒಡೆಯುವ ಒಂದು ಕಿಣ್ವ ಹಾಕಿ. ಚಕಚಕನೆ ಒಡೆಯುತ್ತದೆ. ಬೆರಳಿಗೆ ತಿಳಿಯದಷ್ಟು ನಳಿಕೆ ಬಿಸಿಯಾಗುತ್ತದೆ. ಅಷ್ಟೇ! ಅದೇ ನಳಿಕೆಯಲ್ಲಿ, ಶಕ್ತಿಗಾಗಿ ಕಾದು ಕೂತಿರುವ ಬೇರೆ ಪದಾರ್ಥಗಳನ್ನು ಎಷ್ಟೇ ಹಾಕಿಟ್ಟರೂ ಅವುಗಳಿಗೆ ಏನೂ ಆಗುವುದಿಲ್ಲ. ಬಿಸಿ ಒಂದು ಕಡೆ ಹುಟ್ಟಿ ಎಲ್ಲ ಕಡೆ ಹರಡಿ ಹೋಯಿತು. ಜೀವಕೋಶದ ಒಳಗೆ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ ಉಷ್ಣತೆ ಇರುವುದರಿಂದ, ಬಿಸಿಯಿಂದ ಕೆಲಸ ತೆಗೆಯುವ ದಾರಿಯೇ ಅಲ್ಲಿಲ್ಲ.

ಬಾವಿಯ ರಾಟೆ ನೆನಪಿಸಿಕೊಳ್ಳಿ. ಹಗ್ಗದ ಒಂದು ತುದಿಗೆ ಕೊಡ, ಇನ್ನೊಂದು ತುದಿಗೆ ಭಾರದ ಕಲ್ಲು. ಕಲ್ಲು ಇಳಿದರೆ ಕೊಡ ಮೇಲೇರುತ್ತದೆ. ಹಗ್ಗ ಕಟ್ಟದೆ ಕಲ್ಲನ್ನು ಹಾಗೇ ಬೀಳಿಸಿದರೆ? ಧೊಪ್ಪೆಂದು ಸದ್ದಾಗುತ್ತದೆ, ಕೊಡ ಇದ್ದಲ್ಲೇ ಇರುತ್ತದೆ. ಎಟಿಪಿಯ ಪಾಠದಲ್ಲಿ ನಾವೆಲ್ಲ ಕಲ್ಲಿನ ತೂಕವನ್ನು ಬಾಯಿಪಾಠ ಮಾಡಿದ್ದೇವೆ, ಹಗ್ಗ ಯಾವುದು ಅಂತ ಕೇಳಿಯೇ ಇಲ್ಲ.

ಹಗ್ಗ ಯಾವುದು ಅಂತ ನೋಡಲು ಒಂದೇ ಒಂದು ಕ್ರಿಯೆಯನ್ನು ತೆಗೆದುಕೊಳ್ಳೋಣ. ಮಿದುಳಿನಲ್ಲಿ, ಯಕೃತ್ತಿನಲ್ಲಿ ಇದು ಸದಾ ನಡೆಯುತ್ತಿರುತ್ತದೆ. ಅಮೋನಿಯಾ ಮಿದುಳಿಗೆ ವಿಷ. ಅದನ್ನು ಹಿಡಿದು ಕಟ್ಟಿಹಾಕಲು ಜೀವಕೋಶ ಗ್ಲುಟಮೇಟ್ ಎಂಬ ಅಮೈನೋ ಆಮ್ಲಕ್ಕೆ ಅದನ್ನು ಜೋಡಿಸಿ ಗ್ಲುಟಮಿನ್ ಮಾಡಿಬಿಡುತ್ತದೆ. ಈ ಕೆಲಸ ಮಾಡುವ ಕಿಣ್ವ ಗ್ಲುಟಮಿನ್ ಸಿಂಥೆಟೇಸ್. ಕಾಗದದ ಮೇಲೆ ಕ್ರಿಯೆ ಬಹಳ ಸರಳ, ಆದರೆ ಇದು ಏರು ದಾರಿ. ಒಂದು ಮೋಲ್‌ಗೆ 14.2 ಕಿಲೋಜೂಲ್ ಹತ್ತಬೇಕು.

ಏರು ಅಂದರೆ ಎಷ್ಟು ಏರು? ಅಮೋನಿಯಾ 0.1 ಮಿಲಿಮೋಲಾರ್ ಇದೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ, ಎಟಿಪಿ ಸಹಾಯವಿಲ್ಲದೆ ಸಮತೋಲನ, ಅಂದರೆ ಹೋಗುವ ಕ್ರಿಯೆಯೂ ಹಿಂದಿರುಗುವ ಕ್ರಿಯೆಯೂ ಸಮನಾಗುವ ಸ್ಥಿತಿ, ನಿಲ್ಲುವುದು ಸುಮಾರು 30 ಲಕ್ಷ ಗ್ಲುಟಮೇಟ್‌ಗೆ ಒಂದು ಗ್ಲುಟಮಿನ್ ಇರುವಲ್ಲಿ. ಎಂಥ ಒಳ್ಳೆಯ ಕಿಣ್ವ ತಂದರೂ ಈ ಅನುಪಾತ ಬದಲಾಗುವುದಿಲ್ಲ. ಕಿಣ್ವ ಬೇಗ ತಲುಪಿಸುತ್ತದೆ, ತಲುಪುವ ಜಾಗವನ್ನು ಬದಲಿಸುವುದಿಲ್ಲ.

ಕಷ್ಟ ಎಲ್ಲಿದೆ ಅಂತ ಹತ್ತಿರ ಹೋಗಿ ನೋಡಿ. ಗ್ಲುಟಮೇಟ್‌ನ ಪಕ್ಕದ ಕವಲಿನ ತುದಿಯಲ್ಲಿ ಒಂದು ಇಂಗಾಲ, ಅದಕ್ಕೆ ಎರಡು ಆಮ್ಲಜನಕ, ಎರಡೂ ಸೇರಿ ಒಂದು ಋಣ ಚಾರ್ಜ್ ಹಂಚಿಕೊಂಡಿವೆ. ಅಮೋನಿಯಾ ಬಂದು ಆ ಇಂಗಾಲಕ್ಕೆ ಅಂಟಬೇಕು. ಆದರೆ ಅಂಟಬೇಕಾದರೆ ಒಂದು ಆಮ್ಲಜನಕ ಜಾಗ ಬಿಡಬೇಕು. ಅದು ಬಿಡುವುದಿಲ್ಲ. ಇಂಗಾಲವನ್ನು ಬಿಟ್ಟು ಹೋದರೆ ಚಾರ್ಜ್ ಎಲ್ಲ ತನ್ನೊಬ್ಬನ ತಲೆ ಮೇಲೆ ಬೀಳುತ್ತದೆ, ಅದು ಅದಕ್ಕೆ ಭಾರ.

ಈಗ ಎಟಿಪಿ ಬರುತ್ತದೆ. ಕಿಣ್ವದ ಒಳಗಿನ ಗೂಡಿನಲ್ಲಿ ಎಟಿಪಿಯ ಬಾಲ ಮತ್ತು ಗ್ಲುಟಮೇಟ್‌ನ ಆ ತುದಿ ಎದುರುಬದುರು ಕೂರುತ್ತವೆ. ಇಲ್ಲಿ ನೀರು ಎಟಿಪಿಯನ್ನು ಒಡೆಯುವುದಿಲ್ಲ. ಗ್ಲುಟಮೇಟ್‌ನದೇ ಒಂದು ಆಮ್ಲಜನಕ ಹೋಗಿ ಎಟಿಪಿಯ ಗಾಮಾ ಫಾಸ್ಫರಸ್ಸನ್ನು ಹಿಡಿಯುತ್ತದೆ. ಎಡಿಪಿ ಕಳಚಿಕೊಳ್ಳುತ್ತದೆ. ಈಗ ಗ್ಲುಟಮೇಟ್‌ನ ತುದಿಗೆ ಫಾಸ್ಫೇಟ್ ಅಂಟಿದೆ, ಇದರ ಹೆಸರು ಗಾಮಾ ಗ್ಲುಟಮೈಲ್ ಫಾಸ್ಫೇಟ್. ಆ ಹಠಮಾರಿ ಆಮ್ಲಜನಕ ಇಂಗಾಲ ಮತ್ತು ಫಾಸ್ಫರಸ್ ನಡುವೆ ಸಿಕ್ಕಿಕೊಂಡಿದೆ.

ಎರಡನೆಯ ಹೆಜ್ಜೆಯಲ್ಲಿ ಅಮೋನಿಯಾ ಬಂದು ಇಂಗಾಲಕ್ಕೆ ಅಂಟುತ್ತದೆ. ಈ ಸಲ ಆಮ್ಲಜನಕ ತಕರಾರು ಮಾಡುವುದಿಲ್ಲ. ಫಾಸ್ಫೇಟ್ ಜೊತೆಗೇ ಎದ್ದು ಹೋಗುತ್ತದೆ, ಏಕೆಂದರೆ ಫಾಸ್ಫೇಟ್‌ನಲ್ಲಿ ಚಾರ್ಜ್ ಹಂಚಿಕೊಳ್ಳಲು ಬೇಕಾದಷ್ಟು ಜನ ಇದ್ದಾರೆ. ಗ್ಲುಟಮಿನ್ ಸಿದ್ಧ. ಹೊರಗೆ ನಿಂತು ನೋಡಿದವರಿಗೆ ಎಟಿಪಿ ಹೋಗಿ ಎಡಿಪಿ ಮತ್ತು ಒಂಟಿ ಫಾಸ್ಫೇಟ್ ಆದದ್ದು ಮಾತ್ರ ಕಾಣುತ್ತದೆ. ಲೆಕ್ಕದ ಪುಸ್ತಕದಲ್ಲಿ “14.2 ಏರು, 30.5 ಇಳಿತ, ಒಟ್ಟು 16.3 ಇಳಿತ” ಅಂತ ಬರೆದುಕೊಳ್ಳಬಹುದು. ಲೆಕ್ಕ ಸರಿ. ಆದರೆ ನಿಜವಾಗಿ ನಡೆದದ್ದರಲ್ಲಿ ನೀರು ಎಟಿಪಿಯನ್ನು ಒಡೆದ ಹೆಜ್ಜೆಯೇ ಇಲ್ಲ. ಹೊರಬಂದ ಶಕ್ತಿಯನ್ನು ಯಾರೂ ಹಿಡಿದು ಬಳಸಲಿಲ್ಲ. ಅದು ಹೊರಬರುವ ಮೊದಲೇ ಫಾಸ್ಫೇಟ್ ಕೈ ಬದಲಾಯಿಸಿತು. ಎರಡೂ ಕ್ರಿಯೆಗೆ ಸೇರಿದ ಆ ನಡುವಿನ ಅಣುವೇ ಹಗ್ಗ.

“ಇದೆಲ್ಲ ಚೆನ್ನಾಗಿದೆ, ಆದರೆ ಆ ನಡುವಿನ ಅಣು ಇತ್ತು ಅಂತ ಹೇಗೆ ಗೊತ್ತು?” ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಇದನ್ನು ಮಧ್ಯದಲ್ಲೇ ಕೇಳಿದರು. ಒಳ್ಳೆಯ ಪ್ರಶ್ನೆ, ಏಕೆಂದರೆ ಅದು ಕಿಣ್ವದ ಗೂಡಿನಿಂದ ಹೊರಗೆ ಬರುವುದೇ ಇಲ್ಲ. ಬಂದರೂ ನೀರಿನಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ.

ಉತ್ತರ ಸಿಕ್ಕಿದ್ದು 1950ರ ದಶಕದಲ್ಲಿ, ಆಮ್ಲಜನಕಕ್ಕೆ ಗುರುತು ಹಾಕಿದ್ದರಿಂದ. ಸಾಮಾನ್ಯ ಆಮ್ಲಜನಕದ ತೂಕ 16. ಸ್ವಲ್ಪ ಭಾರದ 18 ತೂಕದ್ದೂ ಇದೆ. ಗ್ಲುಟಮೇಟ್‌ನ ಆ ತುದಿಯಲ್ಲಿ ಭಾರದ ಆಮ್ಲಜನಕ ಇಟ್ಟು ಕ್ರಿಯೆ ನಡೆಸಿ, ಕೊನೆಗೆ ಅದು ಎಲ್ಲಿ ಹೋಯಿತು ಅಂತ ಹುಡುಕಿದರು. ನೀರೇ ಎಟಿಪಿಯನ್ನು ಒಡೆದಿದ್ದರೆ ಒಂಟಿ ಫಾಸ್ಫೇಟ್‌ಗೆ ಸೇರಿದ ಹೊಸ ಆಮ್ಲಜನಕ ನೀರಿನದ್ದಾಗಿರಬೇಕಿತ್ತು. ಆದರೆ ಭಾರದ ಆಮ್ಲಜನಕ ಸಿಕ್ಕಿದ್ದು ಫಾಸ್ಫೇಟ್‌ನಲ್ಲೇ. ಗ್ಲುಟಮೇಟ್‌ನ ಆಮ್ಲಜನಕ ಫಾಸ್ಫೇಟ್ ಸೇರಬೇಕಾದರೆ ಇವೆರಡೂ ಒಮ್ಮೆಯಾದರೂ ಅಂಟಿಕೊಂಡಿರಲೇಬೇಕು, ಅಲ್ವಾ? ಇನ್ನೊಂದು ಸುಳಿವೂ ಇದೆ. ಅಮೋನಿಯಾ ಕೊಡದೆ ಕಿಣ್ವಕ್ಕೆ ಎಟಿಪಿ ಮತ್ತು ಗ್ಲುಟಮೇಟ್ ಮಾತ್ರ ಕೊಟ್ಟರೆ, ನಿಧಾನವಾಗಿ ಒಂದು ಉಂಗುರದ ಆಕಾರದ ಅಣು ಹುಟ್ಟುತ್ತದೆ. ಕಾದು ಬೇಸತ್ತ ಇಂಗಾಲಕ್ಕೆ ಗ್ಲುಟಮೇಟ್‌ನದೇ ಇನ್ನೊಂದು ತುದಿಯ ಸಾರಜನಕ ಬಂದು ಅಂಟಿಕೊಂಡ ಗುರುತು ಅದು. ಫಾಸ್ಫೇಟ್ ಅಂಟದ ಗ್ಲುಟಮೇಟ್ ಅಷ್ಟು ಸುಲಭವಾಗಿ ಹಾಗೆ ಮಡಚಿಕೊಳ್ಳುವುದಿಲ್ಲ.

ಈಗ ಲೆಕ್ಕಕ್ಕೆ ವಾಪಸ್ ಬರೋಣ. ಎಟಿಪಿ ಜೋಡಿಸಿದ ಮೇಲೆ ಗ್ಲುಟಮಿನ್ ಎಷ್ಟಾಗಬಹುದು? ಇದಕ್ಕೆ 30.5 ಸಾಲದು. ಅದು ಎಲ್ಲ ಪದಾರ್ಥವೂ ಒಂದೊಂದು ಮೋಲಾರ್ ಇದ್ದಾಗಿನ ಸಂಖ್ಯೆ. ಅಂಥ ಜೀವಕೋಶ ಎಲ್ಲೂ ಇಲ್ಲ. ಮನುಷ್ಯನ ಕೆಂಪು ರಕ್ತಕಣದ ಅಂಕಿಗಳನ್ನು ತೆಗೆದುಕೊಳ್ಳಿ: ಎಟಿಪಿ ಸುಮಾರು 2.25 ಮಿಲಿಮೋಲಾರ್, ಎಡಿಪಿ 0.25, ಒಂಟಿ ಫಾಸ್ಫೇಟ್ 1.65. ಈ ಅಂಕಿಗಳನ್ನು ಹಾಕಿದರೆ ಎಟಿಪಿ ಒಡೆದಾಗಿನ ಇಳಿತ 30.5 ಅಲ್ಲ, ಸುಮಾರು 52 ಕಿಲೋಜೂಲ್. ಅದೇ ಅಣು, ಅದೇ ಬಂಧ, ಶಕ್ತಿ ಮಾತ್ರ ಎರಡು ಪಟ್ಟಿನ ಹತ್ತಿರ!

ಇದು ಹೇಗೆ? ಎಟಿಪಿಯನ್ನು ಒಡೆಯಲು ಬಿಟ್ಟು, ಸಮತೋಲನಕ್ಕೆ ಬರುವವರೆಗೆ ಕಾದರೆ ಬಹುತೇಕ ಎಲ್ಲವೂ ಎಡಿಪಿಯಾಗಿ ನಿಲ್ಲುತ್ತದೆ. ಜೀವಕೋಶ ಆ ಸ್ಥಿತಿಯಿಂದ ಎಷ್ಟು ದೂರದಲ್ಲಿ ನಿಂತಿದೆ ಅಂತ ಮೇಲಿನ ಅಂಕಿಗಳಿಂದ ಲೆಕ್ಕ ಹಾಕಿದೆ. ಸುಮಾರು 120 ಕೋಟಿ ಪಟ್ಟು ದೂರ. ತಳ್ಳುವ ಬಲ ಬರುವುದು ಈ ದೂರದಿಂದ. ಎಟಿಪಿ, ಎಡಿಪಿ, ಫಾಸ್ಫೇಟ್ ಮೂರೂ ಸಮತೋಲನದಲ್ಲಿರುವ ಬಾಟಲಿಯಲ್ಲೂ ಚೂರುಪಾರು ಎಟಿಪಿ ಇರುತ್ತದೆ. ಆ ಎಟಿಪಿ ಯಾವ ಕೆಲಸಕ್ಕೂ ಬಾರದು. ಎಟಿಪಿಯನ್ನು “ಶಕ್ತಿಯ ನಾಣ್ಯ” ಅನ್ನುವ ಹೋಲಿಕೆ ನನಗೆ ಹಿಡಿಸದಿರುವುದು ಇದಕ್ಕೇ. ನಾಣ್ಯ ಯಾರ ಜೇಬಿನಲ್ಲಿದ್ದರೂ ಅದರ ಬೆಲೆ ಅಷ್ಟೇ. ಎಟಿಪಿಯ ಬೆಲೆ ಪಕ್ಕದಲ್ಲಿ ಎಷ್ಟು ಎಡಿಪಿ ಇದೆ ಅನ್ನುವುದರ ಮೇಲೆ ನಿಂತಿದೆ.

ಆ 120 ಕೋಟಿಯನ್ನು ಗ್ಲುಟಮಿನ್ ಲೆಕ್ಕಕ್ಕೆ ತನ್ನಿ. ಮೊದಲು 30 ಲಕ್ಷ ಗ್ಲುಟಮೇಟ್‌ಗೆ ಒಂದು ಗ್ಲುಟಮಿನ್ ಇತ್ತು. ಒಂದು ಎಟಿಪಿ ಜೋಡಿಸಿದರೆ ಅನುಪಾತ 120 ಕೋಟಿ ಪಟ್ಟು ತಿರುಗುತ್ತದೆ. ಒಂದು ಗ್ಲುಟಮೇಟ್‌ಗೆ ಸುಮಾರು 400 ಗ್ಲುಟಮಿನ್ ಆಗುವವರೆಗೂ ಕ್ರಿಯೆ ಮುಂದೆ ಹೋಗಬಲ್ಲದು. ಜೀವಕೋಶದಲ್ಲಿ ನಿಜವಾಗಿ ಇರುವ ಅನುಪಾತ ಇದಲ್ಲ. ಗ್ಲುಟಮಿನ್ ಬೇರೆ ಬೇರೆ ಕಡೆ ಖರ್ಚಾಗುತ್ತಲೇ ಇರುತ್ತದೆ. ಇದು ಎಟಿಪಿ ಎಲ್ಲಿಯವರೆಗೆ ತಳ್ಳಬಲ್ಲದು ಅನ್ನುವ ಮಿತಿ.

ಇಷ್ಟೆಲ್ಲ ನಿಂತಿರುವುದು ಒಂದೇ ಶರತ್ತಿನ ಮೇಲೆ. ಫಾಸ್ಫೇಟ್ ಸರಿಯಾದ ಕೈಗೆ ಹೋಗಬೇಕು, ನೀರಿನ ಕೈಗೆ ಹೋಗಬಾರದು. ನೀರು ಇರುವುದೋ ಎಲ್ಲೆಲ್ಲೂ. ಇದನ್ನು ಕಿಣ್ವ ಹೇಗೆ ನಿಭಾಯಿಸುತ್ತದೆ ಅನ್ನುವುದಕ್ಕೆ ಹೆಕ್ಸೊಕೈನೇಸ್ ಚೆಂದದ ಉದಾಹರಣೆ. ಗ್ಲುಕೋಸ್‌ಗೆ ಎಟಿಪಿಯ ಫಾಸ್ಫೇಟ್ ಅಂಟಿಸುವ ಕಿಣ್ವ ಇದು. ಗ್ಲುಕೋಸ್‌ನ ತುದಿಯಲ್ಲಿರುವ ಓಎಚ್ ಗುಂಪು ರಾಸಾಯನಿಕವಾಗಿ ನೀರಿಗೆ ತೀರಾ ಹತ್ತಿರದ ನೆಂಟ. ಕಿಣ್ವಕ್ಕೆ ಇಬ್ಬರ ವ್ಯತ್ಯಾಸ ಗೊತ್ತಾಗುವುದು ಹೇಗೆ? ಗ್ಲುಕೋಸ್ ಬಂದು ಕೂತಾಗ ಕಿಣ್ವದ ಎರಡು ದವಡೆಗಳು ಮುಚ್ಚಿಕೊಳ್ಳುತ್ತವೆ. ಮುಚ್ಚಿಕೊಳ್ಳುವಾಗ ನೀರು ಹೊರಗೆ ಹೋಗುತ್ತದೆ, ಎಟಿಪಿ ಕೆಲಸಕ್ಕೆ ಸರಿಯಾದ ಜಾಗಕ್ಕೆ ಬರುತ್ತದೆ. ಬರೀ ನೀರು ಬಂದರೆ ದವಡೆ ಮುಚ್ಚುವುದಿಲ್ಲ, ಎಟಿಪಿ ಒಡೆಯುವುದು ಸಾವಿರಾರು ಪಟ್ಟು ನಿಧಾನ.

ಇದನ್ನು ಮೋಸ ಮಾಡಿ ನೋಡಬಹುದು. ಝೈಲೋಸ್ ಎಂಬ ಸಕ್ಕರೆ ಗ್ಲುಕೋಸ್‌ನಂತೆಯೇ ಇದೆ, ಫಾಸ್ಫೇಟ್ ಅಂಟಬೇಕಾದ ಆ ಕೊನೆಯ ತುಂಡು ಮಾತ್ರ ಇಲ್ಲ. ಅದನ್ನು ಕೊಟ್ಟರೆ ದವಡೆ ಮುಚ್ಚುತ್ತದೆ, ಆದರೆ ಒಳಗೆ ಖಾಲಿ ಉಳಿದ ಜಾಗದಲ್ಲಿ ನೀರು ಕೂರುತ್ತದೆ. ಆಗ ಕಿಣ್ವ ಎಟಿಪಿಯನ್ನು ಮೊದಲಿಗಿಂತ ಬೇಗ ಬೇಗ ನೀರಿಗೆ ಕೊಟ್ಟು ಒಡೆಯುತ್ತದೆ. ಎಟಿಪಿ ಕಡಿಮೆಯಾಗುತ್ತಿದೆ, ಒಂಟಿ ಫಾಸ್ಫೇಟ್ ಏರುತ್ತಿದೆ, ಸಕ್ಕರೆಗೆ ಫಾಸ್ಫೇಟ್ ಅಂಟುತ್ತಿಲ್ಲ. ಹಗ್ಗ ತುಂಡಾದ ರಾಟೆಯನ್ನು ಗುರುತಿಸುವುದು ಹೀಗೆ.

ಸ್ನಾಯು ಮತ್ತು ಪಂಪ್‌ಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಕೊನೆಗೆ ನೀರು ಬಂದೇ ಬರುತ್ತದೆ, ಆದರೆ ಹೇಳಿದ ಹೊತ್ತಿಗೆ. ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತದೆ. ಎಟಿಪಿ ಒಡೆದ ಕ್ಷಣದಲ್ಲೇ ಎಳೆತ ನಡೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಎಟಿಪಿ ಬಂದು ಕೂತರೆ ಮಯೋಸಿನ್ ಹಿಡಿತ ಬಿಡುತ್ತದೆ. ಒಡೆದಾಗ ಕೈ ಚಾಚಿಕೊಂಡು ಸಿದ್ಧವಾಗುತ್ತದೆ. ಮತ್ತೆ ಆಕ್ಟಿನ್ ಹಿಡಿದು, ಫಾಸ್ಫೇಟನ್ನು ಹೊರಗೆ ಬಿಡುವಾಗ ಎಳೆಯುತ್ತದೆ. ಸತ್ತ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದಕ್ಕೆ ಕಾರಣವೂ ಇಲ್ಲೇ ಇದೆ. ಎಟಿಪಿ ಮುಗಿದರೆ ಹಿಡಿತ ಬಿಡಿಸುವವರಿಲ್ಲ.

ಜೀವಕೋಶದ ಪೊರೆಯಲ್ಲಿರುವ ಸೋಡಿಯಂ ಪಂಪ್ ಎಂಬ ಪ್ರೋಟೀನಿನದು ಇನ್ನೊಂದು ಬಗೆ. ಅದು ಫಾಸ್ಫೇಟನ್ನು ತನ್ನದೇ ಮೈಯಲ್ಲಿರುವ ಅಮೈನೋ ಆಮ್ಲಗಳಲ್ಲಿ ಒಂದಾದ ಆಸ್ಪಾರ್ಟೇಟ್‌ಗೆ ಅಂಟಿಸಿಕೊಳ್ಳುತ್ತದೆ. ಒಳಗೆ ಮೂರು ಸೋಡಿಯಂ ಕೂತ ಮೇಲೆಯೇ ಅಂಟಿಸಿಕೊಳ್ಳುವುದು. ಅಂಟಿದ ಮೇಲೆ ಆಕಾರ ಬದಲಿಸಿ ಅವನ್ನು ಹೊರಗೆ ಬಿಡುತ್ತದೆ. ಹೊರಗಿನಿಂದ ಎರಡು ಪೊಟ್ಯಾಸಿಯಂ ಬಂದು ಕೂತರೆ ಮಾತ್ರ ನೀರಿಗೆ ಬಾಗಿಲು ತೆರೆದು ಫಾಸ್ಫೇಟನ್ನು ಕಳಚಿಕೊಳ್ಳುತ್ತದೆ. ಗ್ಲುಟಮಿನ್ ಕಥೆಯಲ್ಲಿ ನಡುವಿನ ಅಣು ಮಾಡಿದ ಕೆಲಸವನ್ನು ಇಲ್ಲಿ ಫಾಸ್ಫೇಟ್ ಹೊತ್ತ ಪ್ರೋಟೀನೇ ಮಾಡುತ್ತದೆ.

ಕೊನೆಯಲ್ಲಿ ಒಬ್ಬರು ಕೇಳಿದರು, “ಸರ್, ಹಗ್ಗ ಅಂದ್ರಲ್ಲ, ಹಾಗಾದ್ರೆ ಕೊಡದ ಕಡೆಯೇ ಭಾರ ಜಾಸ್ತಿಯಾದರೆ ಕಲ್ಲು ಮೇಲೇರಬೇಕಲ್ವಾ?” ಏರುತ್ತದೆ. 1960ರ ದಶಕದಲ್ಲಿ ಕೆಂಪು ರಕ್ತಕಣಗಳ ಒಳಗಿನದ್ದನ್ನೆಲ್ಲ ಹೊರತೆಗೆದು, ಬೇಕಾದ ದ್ರಾವಣ ತುಂಬಿ ಮತ್ತೆ ಮುಚ್ಚಿ ಇದನ್ನು ಮಾಡಿ ನೋಡಿದ್ದಾರೆ. ಒಳಗೆ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಹೊರಗೆ ಸೋಡಿಯಂ ಜಾಸ್ತಿ, ಪೊಟ್ಯಾಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು. ಒಳಗೆ ಎಡಿಪಿ ಮತ್ತು ಫಾಸ್ಫೇಟ್ ಕೂಡ ಇವೆ. ಸೋಡಿಯಂ ಈ ಪಂಪ್‌ನ ಮೂಲಕವೇ ಒಳಗೆ ನುಗ್ಗಿತು, ಪೊಟ್ಯಾಸಿಯಂ ಹೊರಗೆ ಬಂತು, ಪಂಪ್ ಹಿಂದುಮುಂದಾಗಿ ತಿರುಗಿತು. ಒಂಟಿ ಫಾಸ್ಫೇಟ್ ಪಂಪ್‌ನ ಆಸ್ಪಾರ್ಟೇಟ್‌ಗೆ ಅಂಟಿ, ಅಲ್ಲಿಂದ ಎಡಿಪಿಗೆ ದಾಟಿ, ಎಟಿಪಿ ಆಯಿತು.